ಕಾರವಾರದ ಪ್ರಾಣಿ ಆಶ್ರಯಕ್ಕೆ ಮಳೆಗಾಲದ ಅಕ್ಕಿ, ಕೋಳಿ, ಔಷಧಿ ಬೇಕಾಗಿದೆ

ಕಾಳಿದಂಡೆ

ಎಲ್ಲರಿಗೂ ನಮಸ್ಕಾರ. ಕಾರವಾರದ ಹೊರಗೆ, ಕಾಳಿ ನದಿಗೆ ಹತ್ತಿರದ ತಗ್ಗಿನಲ್ಲಿರುವ ನಮ್ಮ ಪ್ರಾಣಿ ಆಶ್ರಯಕ್ಕೆ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಿಮ್ಮ ಸಹಾಯ ಕೇಳುತ್ತಿದ್ದೇನೆ. ಈಗ ನಮ್ಮಲ್ಲಿ ಸುಮಾರು 40 ನಾಯಿ, 12 ಬೆಕ್ಕು ಇವೆ. ಹೆಚ್ಚಿನವು ಗಾಡಿಗೆ ಸಿಕ್ಕಿ ಕಾಲು ಮುರಿದವು, ಕಣ್ಣು ಕಾಣದವು, ವಯಸ್ಸಾದವು. ಮತ್ತೆ ಬೀದಿಗೆ ಬಿಡಲಿಕ್ಕೆ ಬರುವಂಥವಲ್ಲ.

ಬೇರೆ ತಿಂಗಳುಗಳಲ್ಲಿ ಕೈ ಚಾಚದೆ ಹೇಗೋ ನಡೆಯುತ್ತದೆ. ಮಳೆಗಾಲದಲ್ಲಿ ಯಾಕೆ ನಡೆಯುವುದಿಲ್ಲ ಎಂದು ಮೊದಲು ಹೇಳುತ್ತೇನೆ. ವರ್ಷದ ಹತ್ತು ತಿಂಗಳು ನಮ್ಮ ಪ್ರಾಣಿಗಳನ್ನು ಸಾಕುವುದು ಬೈತಖೋಲ ಬಂದರು. ಬೋಟಿನವರು, ಮೀನು ಹೆಚ್ಚುವ ಹೆಂಗಸರು ಬಂಗಡೆ, ತಾರ್ಲೆಯ ತಲೆಗಳನ್ನು ಬುಟ್ಟಿಯಲ್ಲಿ ತೆಗೆದಿಟ್ಟಿರುತ್ತಾರೆ. ದುಡ್ಡು ಕೇಳಿದವರಿಲ್ಲ. ಅದನ್ನು ಬೇಯಿಸಿ ನುಚ್ಚಕ್ಕಿ ಅನ್ನಕ್ಕೆ ಕಲಸುತ್ತೇವೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದೇ ಹೊತ್ತಿಗೆ ಪ್ರವಾಸಿಗರೂ ಕಡಿಮೆಯಾಗಿ ಹೋಟೆಲುಗಳಲ್ಲಿ ಉಳಿಯುವ ಅನ್ನ ಕಡಿಮೆಯಾಗುತ್ತದೆ. ಪುಕ್ಕಟೆ ಬರುತ್ತಿದ್ದದ್ದನ್ನೆಲ್ಲ ಕೊಳ್ಳಬೇಕು, ಅದೂ ಕಾಯಿಲೆ ಹೆಚ್ಚುವ ತಿಂಗಳಿನಲ್ಲೇ.

ಲೆಕ್ಕ ಹೀಗಿದೆ. 15 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. 150 ಗ್ರಾಂ ನುಚ್ಚು, 125 ಗ್ರಾಂ ಕೋಳಿಯ ತಲೆ-ಕಾಲು-ಲಿವರ್, ಎರಡು ಚಮಚ ಎಣ್ಣೆ ಹಾಕಿದರೆ ಅಷ್ಟಾಗುತ್ತದೆ. 40 ನಾಯಿಗೆ ದಿನಕ್ಕೆ 6 ಕಿಲೋ ನುಚ್ಚು, 5 ಕಿಲೋ ಕೋಳಿ. ನಮಗೆ ಸಿಗುವ ದರದಲ್ಲಿ ನುಚ್ಚಿಗೆ ತಿಂಗಳಿಗೆ 5,400 ರೂಪಾಯಿ, ಕೋಳಿಗೆ 9,000 ರೂಪಾಯಿ. ಆಗಸ್ಟ್‌ನಿಂದ ಮೀನು ಮತ್ತೆ ಬರುತ್ತದೆ, ಆದರೆ ಗಾಳಿ ಜೋರಿದ್ದ ದಿನ ಬೋಟು ಹೊರಡುವುದಿಲ್ಲವಾದ್ದರಿಂದ ಆಗಸ್ಟ್, ಸೆಪ್ಟೆಂಬರ್‌ಗೆ ಕೋಳಿ ಅರ್ಧ ಹಿಡಿದಿದ್ದೇನೆ. ಬೆಕ್ಕುಗಳಿಗೆ ಬರೀ ಅನ್ನ ಹಾಕಿ ಬದುಕಿಸಲಿಕ್ಕೆ ಆಗುವುದಿಲ್ಲ, ಮಾಂಸ ಬೇಕೇ ಬೇಕು. ಮೀನಿಲ್ಲದಾಗ ಬೆಕ್ಕಿನ ಒಣ ಆಹಾರ ತರಿಸುತ್ತೇವೆ, ಅದಕ್ಕೆ ತಿಂಗಳಿಗೆ 5,000. ಎಣ್ಣೆ ಸೇರಿ ನಾಲ್ಕು ತಿಂಗಳ ಆಹಾರಕ್ಕೆ ಸುಮಾರು 75,000 ರೂಪಾಯಿ. ಔಷಧಿ, ಲಸಿಕೆಗೆ 40,000. ಒಟ್ಟು 1,15,000.

ದುಡ್ಡು ಕೊಡುವವರು ಟ್ರಸ್ಟಿನ ಖಾತೆಗೇ, ಅದರ ಕ್ಯೂಆರ್‌ಗೇ ಹಾಕಿ. ದುಡ್ಡು ಬೇಡ, ವಸ್ತುವನ್ನೇ ಕೊಡುತ್ತೇವೆ ಅನ್ನುವವರು ನುಚ್ಚಕ್ಕಿ, ಅಡುಗೆ ಎಣ್ಣೆ, ಒಣ ಸೌದೆ ಅಥವಾ ತೆಂಗಿನ ಕರಟ ಕೊಡಬಹುದು. ಸೌದೆ ಒದ್ದೆಯಾಗಿ ಒಲೆ ಹತ್ತುವುದಿಲ್ಲ, ಗ್ಯಾಸಿನಲ್ಲೇ ಅಷ್ಟೊಂದು ಬೇಯಿಸಿದರೆ ಖರ್ಚು ಕೈಮೀರುತ್ತದೆ.

ಅಂಕೋಲೆಯ ಓದುಗ

ಬೇಜಾರು ಮಾಡ್ಕೊಬೇಡಿ, ನೇರವಾಗಿ ಕೇಳ್ತೇನೆ. ಆಹಾರದ ಲೆಕ್ಕ ಬಿಡಿಸಿ ಬರೆದಿದ್ದೀರಿ, ಸರಿ. ಔಷಧಿಗೆ 40,000 ಅಂತ ಒಂದೇ ಸಾಲು. ಅದು ಎಲ್ಲಿಗೆ ಹೋಗ್ತದೆ? ನಾಯಿಮರಿ ಫೋಟೋ ಹಾಕಿ ಸ್ವಂತ ಹೆಸರಿನ ಕ್ಯೂಆರ್ ಕೊಟ್ಟು ದುಡ್ಡು ಎತ್ತಿ ಕಾಣೆಯಾದವರನ್ನ ನೋಡಿದ್ದೇನೆ. ಇನ್ನೊಂದು ಮಾತು. ನನ್ನ ಅಕ್ಕನ ಮೊಮ್ಮಗನಿಗೆ ಕಳೆದ ವರ್ಷ ಬೀದಿ ನಾಯಿ ಕಚ್ಚಿ ಐದು ಇಂಜೆಕ್ಷನ್ ಆಯ್ತು. ಆ ಮಗು ಈಗಲೂ ಶಾಲೆಗೆ ನಡೆದು ಹೋಗಲು ಹೆದರ್ತದೆ. ಆ ಸಂಕಟಕ್ಕೆ ಉತ್ತರ ಯಾರು ಕೊಡ್ತಾರೆ?

ಕಾಳಿದಂಡೆ

ಬೇಜಾರಿಲ್ಲ ಅಣ್ಣ. ದುಡ್ಡು ಕೊಡುವವರೆಲ್ಲ ಇದನ್ನೇ ಕೇಳಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ನೋಡಿ, ಟ್ರಸ್ಟಿನ ಹೆಸರೇ ಬರುತ್ತದೆ. ಬೇರೆ ಯಾರ ಹೆಸರಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ, ಇಲ್ಲಿ ಬರೆಯಿರಿ. ನೇರವಾಗಿ ಅಕ್ಕಿ ಅಂಗಡಿಗೋ ಔಷಧಿ ಅಂಗಡಿಗೋ ನಮ್ಮ ಲೆಕ್ಕಕ್ಕೆ ಕಟ್ಟುವುದಾದರೂ ಆಗಬಹುದು, ಅಂಗಡಿಯವರೇ ರಸೀದಿ ಕೊಡುತ್ತಾರೆ.

ಔಷಧಿಯ ಖರ್ಚು ಒಂದು ಮರಿಯ ಲೆಕ್ಕದಲ್ಲಿ ಹೇಳುತ್ತೇನೆ. ಮಳೆ ಹಿಡಿದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಗೇಟಿನ ಹತ್ತಿರ ಬಿಟ್ಟು ಹೋಗುವ ಮರಿಗಳು ಹೆಚ್ಚು. ಅವುಗಳಲ್ಲಿ ಪಾರ್ವೊ ಬಂದ ಮರಿ ಇದ್ದೇ ಇರುತ್ತದೆ. ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮರುದಿನ ರಕ್ತ ಬೆರೆತ, ಒಮ್ಮೆ ಮೂಸಿದರೆ ಮರೆಯದ ನಾತದ ಭೇದಿ. 4 ಕಿಲೋ ತೂಕದ ಮರಿಯ ಮೈಯಲ್ಲಿ ನೂರಕ್ಕೆ ಎಂಟರಷ್ಟು ನೀರು ಕಡಿಮೆಯಾಗಿದೆ ಎಂದಾದರೆ ಆ ಕೊರತೆಗೇ 320 ಮಿಲಿ, ಆ ದಿನದ ಸಹಜ ಅಗತ್ಯಕ್ಕೆ 240 ಮಿಲಿ, ವಾಂತಿ-ಭೇದಿಯಲ್ಲಿ ಹೋಗುತ್ತಲೇ ಇರುವುದಕ್ಕೆ ಅಂದಾಜು ನೂರು ಮಿಲಿ. ಮೊದಲ ದಿನವೇ 660 ಮಿಲಿ ರಿಂಗರ್ ಲ್ಯಾಕ್ಟೇಟ್. ಆಮೇಲಿನ ನಾಲ್ಕು ದಿನ ದಿನಕ್ಕೆ 350ರಿಂದ 400. ಅಂದರೆ ಅರ್ಧ ಲೀಟರಿನ ನಾಲ್ಕೈದು ಬಾಟಲಿ. ಅದರ ಜೊತೆ ವಾಂತಿ ನಿಲ್ಲಿಸುವ ಇಂಜೆಕ್ಷನ್, ಆಂಟಿಬಯೋಟಿಕ್, ಕ್ಯಾನುಲ, ರೋಗ ಹೌದೋ ಅಲ್ಲವೋ ನೋಡುವ ಕಿಟ್. ಒಂದು ಮರಿಗೆ ಎರಡೂವರೆಯಿಂದ ಮೂರು ಸಾವಿರ ತಗಲುತ್ತದೆ. ಉಳಿದದ್ದು ಲಸಿಕೆ, ಜಂತಿನ ಔಷಧಿ, ಉಣ್ಣೆಯ ಔಷಧಿ, ಹುಳ ಬಿದ್ದ ಗಾಯದ ಸ್ಪ್ರೇ.

ಮಗುವಿನ ವಿಷಯ ಓದಿ ಸಂಕಟವಾಯಿತು. ನಮ್ಮಲ್ಲಿರುವ ಪ್ರತಿ ನಾಯಿಗೂ ರೇಬೀಸ್ ಲಸಿಕೆ, ಸಂತಾನಹರಣ ಆಗಿದೆ. ಬೀದಿಯಲ್ಲಿರುವ ನಾಯಿಗಳಿಗೆ ಆ ಕೆಲಸ ಆಗಬೇಕಾದದ್ದು ಸ್ಥಳೀಯ ಸಂಸ್ಥೆಯಿಂದ, ಪ್ರಾಣಿಗಳ ಜನನ ನಿಯಂತ್ರಣದ 2023ರ ನಿಯಮ ಅದನ್ನೇ ಹೇಳುತ್ತದೆ. ಅದು ಸಾಕಷ್ಟು ಆಗುತ್ತಿಲ್ಲ ಅನ್ನುವುದು ನಿಜ.

ಅಂಕೋಲೆಯ ಓದುಗ

ಲೆಕ್ಕ ಒಪ್ಪಿದೆ. ನಾಯಿಯ ವಿಷಯ ಒಪ್ಪಲಿಲ್ಲ. ಆದರೂ ಕಾಯಿಲೆ ಬಿದ್ದ ಮರಿಗೆ ನೀರು ಕೊಡಬೇಡಿ ಅನ್ನುವಷ್ಟು ಕಲ್ಲು ನಾನಲ್ಲ. ಔಷಧಿ ಅಂಗಡಿಗೆ ನೇರ ಕಟ್ತೇನೆ, ಯಾವ ಅಂಗಡಿ ತಿಳಿಸಿ.

ಬೈತಖೋಲದವ

ಅಕ್ಕಾ, ಬೋಟು ನಿಂತ್ರೂ ಮೀನು ಪೂರ್ತಿ ನಿಲ್ಲೂದಿಲ್ಲ. ಸಣ್ಣ ನಾಡದೋಣಿಯವ್ರು ದಂಡೆ ಹತ್ರ ಬಲೆ ಬಿಡ್ತಾರೆ, ಆದ್ರೆ ಅದು ಅವ್ರ ಮನೆಗೇ ಸಾಲ್ದು, ಅದನ್ನ ಕೇಳೂಕೆ ಹೋಗ್ಬೇಡಿ. ನಮ್ಮ ಮನೇಲಿ ಮಳೆಗಾಲಕ್ಕೆ ಅಂತ ಒಣಗಿಸಿ ಇಟ್ಟ ಮೀನು ಚೀಲಗಟ್ಲೆ ಉಂಟು. ಎರಡು ಚೀಲ ಕಳಿಸ್ತೆ. ನಾಯಿ, ಬೆಕ್ಕು ಎರಡೂ ತಿಂತಾವೆ. ಕೋಳಿ ದುಡ್ಡು ಉಳೀತದೆ ನೋಡಿ.

ಪಶುವೈದ್ಯೆ, ಕುಮಟಾ

ಒಣಮೀನು ಕೊಡುವವರ ಮನಸ್ಸು ದೊಡ್ಡದು, ಆದರೆ ಯಾವ ಒಣಮೀನು ಎನ್ನುವುದು ಮುಖ್ಯ. ಉಪ್ಪು ಹಾಕಿ ಒಣಗಿಸಿದ್ದಾದರೆ ನಾಯಿಗೆ ಅದು ದಿನದ ಊಟವಾಗಲಾರದು. ಹೊಟ್ಟೆ ತುಂಬ ತಿಂದರೆ ವಾಂತಿ, ವಿಪರೀತ ಬಾಯಾರಿಕೆ, ಇನ್ನೂ ಹೆಚ್ಚಾದರೆ ನಡುಕ, ಸೆಳೆತ. ಮೂತ್ರಪಿಂಡ ಸೋತ ಮುದಿ ಪ್ರಾಣಿಗಳಿಗಂತೂ ಬೇಡವೇ ಬೇಡ. ಉಪ್ಪಿಲ್ಲದೆ ಬಿಸಿಲಿಗೆ ಒಣಗಿಸಿದ ಸಣ್ಣ ಮೀನು, ಶೆಟ್ಲಿ ಸೀಗಡಿ ಇದ್ದರೆ ಕಳಿಸಿ. ಅದನ್ನು ಕುದಿಸಿ ಅನ್ನಕ್ಕೆ ಕಲಸಬಹುದು.

ಬೈತಖೋಲದವ

ಶೆಟ್ಲಿ ಉಪ್ಪಿಲ್ದೆ ಒಣಗ್ಸಿದ್ದೇ ಡಾಕ್ಟ್ರೇ. ಹಂಗಾರೆ ಅದನ್ನೇ ಕಳಿಸ್ತೆ. ಉಪ್ಪಿನ ಬಂಗಡೆ ಮನೆಯವ್ರಿಗೇ ಇರ್ಲಿ. ಆಗಸ್ಟ್ ಒಂದನೇ ತಾರೀಕಿಂದ ಮೊದಲಿನ ಹಂಗೇ ಬುಟ್ಟಿ ಇಡ್ತೆ.

ಕೋಡಿಬಾಗದಿಂದ

ನಮ್ಮ ಮಾವನವರು ತೀರಿಕೊಂಡ ಮೇಲೆ ಒಂದು ಡಬ್ಬಿ ತುಂಬ ಮಾತ್ರೆ ಉಳಿದಿವೆ. ಬಿಪಿ, ಶುಗರ್, ಮಂಡಿನೋವು, ಜ್ವರ, ಎಲ್ಲ ಇದೆ, ಹಲವು ಸೀಲು ಒಡೆಯದ್ದು. ಔಷಧಿ ಬೇಕು ಅಂದಿದ್ದೀರಲ್ಲ, ಯಾರಾದರೂ ಬಂದರೆ ಕೊಡುತ್ತೇನೆ. ಹಾಗೇ ಒಂದು ಕೇಳುವುದಿತ್ತು. ನಮ್ಮ ಬೆಕ್ಕು ನಿನ್ನೆ ಮಳೆಯಲ್ಲಿ ನೆನೆದು ಬಂದು ಮಂಕಾಗಿ ಮಲಗಿದೆ. ಮೈ ಬಿಸಿ ಇತ್ತು ಅಂತ ಬೆಳಿಗ್ಗೆ ಜ್ವರದ ಮಾತ್ರೆ ಅರ್ಧ ಪುಡಿ ಮಾಡಿ ಹಾಲಿನಲ್ಲಿ ಕೊಟ್ಟಿದ್ದೇನೆ. ಈಗ ಮುಖ ಸ್ವಲ್ಪ ಊದಿದ ಹಾಗೆ ಕಾಣುತ್ತದೆ. ಮತ್ತೆ ಅರ್ಧ ಕೊಡಲೇ?

ಪಶುವೈದ್ಯೆ, ಕುಮಟಾ

ಕೊಡಬೇಡಿ ಅಮ್ಮಾ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾರದ ಹಾಗೆ ಆಗುತ್ತದೆ, ಅರ್ಧ ಮಾತ್ರೆಯೂ ಜೀವ ತೆಗೆಯಬಹುದು. ಮುಖ ಊದಿದೆ ಅಂದರೆ ಕಾಯಬೇಡಿ. ವಸಡು ನೋಡಿ, ಗುಲಾಬಿ ಇರುವುದರ ಬದಲು ಕಂದು ಬಣ್ಣಕ್ಕೆ ತಿರುಗಿದ್ದರೆ ಒಂದು ನಿಮಿಷವೂ ತಡ ಮಾಡಬಾರದು. ಈಗಲೇ ಪಶುವೈದ್ಯರ ಹತ್ತಿರ ಹೋಗಿ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಕೊಟ್ಟದ್ದು ಎಂದು ಹೇಳಿ, ಮಾತ್ರೆಯ ಸ್ಟ್ರಿಪ್ಪನ್ನೂ ತೆಗೆದುಕೊಂಡು ಹೋಗಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದಿದೆ. ಅದು ಮನುಷ್ಯರ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ದಾರಿಯಲ್ಲೇ ವೈದ್ಯರಿಗೆ ಫೋನ್ ಮಾಡಿ ತರಿಸಿಡಲು ಹೇಳಿ.

ಉಳಿದವರಿಗೂ ಹೇಳುತ್ತೇನೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಆಶ್ರಯಕ್ಕೆ ಕಳಿಸಬೇಡಿ. ಮಂಡಿನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಅಲ್ಲಿ ಕೆಲಸ ಮಾಡುವ ಹುಡುಗರು ಡಬ್ಬಿ ನೋಡಿ ಒಳ್ಳೆಯದೆಂದೇ ಕೊಟ್ಟುಬಿಡುತ್ತಾರೆ. ಮನುಷ್ಯರ ಅಂಗಡಿಯಿಂದ ಕೊಡಬಹುದಾದ್ದು ರಿಂಗರ್ ಲ್ಯಾಕ್ಟೇಟ್ ಬಾಟಲಿ, 22 ಮತ್ತು 24 ನಂಬರಿನ ಕ್ಯಾನುಲ, ಹತ್ತಿ, ಗಾಯಕ್ಕೆ ಕಟ್ಟುವ ಬಟ್ಟೆ, ಕೈಗವಸು.

ಕಾಳಿದಂಡೆ

ಅಮ್ಮಾ, ನಿಮಗೆ ಗಾಡಿ ಇಲ್ಲದಿದ್ದರೆ ನಮ್ಮ ಹುಡುಗ ಸದಾಶಿವಗಡದಲ್ಲಿದ್ದಾನೆ, ಸೇತುವೆ ದಾಟಿದರೆ ನೀವೇ. ಕಳಿಸುತ್ತೇನೆ, ಮೆಸೇಜ್ ಮಾಡಿ.

ತೋಟದಮನೆ, ಶಿರಸಿ

ಕಾಳಿದಂಡೆಯವರಿಗೆ ನಮಸ್ಕಾರ. ನಮ್ಮಲ್ಲಿ ಆರು ತಿಂಗಳು ನಾಯಿಗಿಂತ ಮಳೆಯದ್ದೇ ಕಾವಲು, ಹಾಗಾಗಿ ನಿಮ್ಮ ಕಷ್ಟ ಗೊತ್ತಾಗುತ್ತದೆ. ನಾನು ಮೂರು ವಸ್ತು ಕಳಿಸಬಲ್ಲೆ. ಒಂದು, ಹೋದ ಸುಗ್ಗಿಯ ನುಚ್ಚಕ್ಕಿ ನಾಲ್ಕು ಚೀಲ. ಎರಡು, ಕೊಟ್ಟಿಗೆಗೆ ಹಾಸುವ ಒಣ ಎಲೆಯ ದರಕು ಒಂದು ಪಿಕಪ್ ತುಂಬ, ನಾಯಿಗಳಿಗೆ ಬೆಚ್ಚಗೆ ಹಾಸಿಗೆ ಆಗುತ್ತದೆ. ಮೂರು, ನೀಲಿ ಪ್ಲಾಸ್ಟಿಕ್ ಡ್ರಮ್ಮು ಐದಾರಿವೆ, ಅಕ್ಕಿ ತುಂಬಿಡಿ. ಮತ್ತೆ ಪಾರ್ವೊ ರೋಗಕ್ಕೆ ಗೂಡಿಗೆಲ್ಲ ಸುಣ್ಣ ಹೊಡೆಯಿರಿ. ಅಡಿಕೆಯ ಕೊಳೆರೋಗಕ್ಕೆ ಸುಣ್ಣ ಬೆರೆಸಿ ಹೊಡೆಯುವವರು ನಾವು, ಅದರ ಮುಂದೆ ಯಾವ ರೋಗವೂ ನಿಲ್ಲುವುದಿಲ್ಲ.

ಪಶುವೈದ್ಯೆ, ಕುಮಟಾ

ಡ್ರಮ್ಮಿನಲ್ಲಿ ಮೊದಲು ಏನಿತ್ತು ಭಾವ?

ತೋಟದಮನೆ, ಶಿರಸಿ

ಬೋರ್ಡೋ ಕಲಸುತ್ತಿದ್ದೆವು. ಮೈಲುತುತ್ತ, ಸುಣ್ಣ ಅಷ್ಟೇ. ನಾಲ್ಕು ಸಲ ತೊಳೆಸಿದ್ದೇನೆ.

ಪಶುವೈದ್ಯೆ, ಕುಮಟಾ

ಹಾಗಾದರೆ ಅದರಲ್ಲಿ ಅಕ್ಕಿ ಬೇಡ. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಲಿವರಿಗೆ ಪೆಟ್ಟು. ಗೀರು ಬಿದ್ದ ಹಳೆ ಪ್ಲಾಸ್ಟಿಕ್ಕಿನಿಂದ ಅದು ಎಷ್ಟು ತೊಳೆದರೂ ಪೂರ್ತಿ ಹೋಗಿದೆ ಎಂದು ನಂಬುವ ಹಾಗಿಲ್ಲ. ಕೀಟನಾಶಕದ ಡ್ರಮ್ಮಾದರೆ ನೀರು ತುಂಬಲಿಕ್ಕೂ ಬೇಡ.

ಆದರೆ ನೀವು ಡ್ರಮ್ಮಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಕಾಳಿದಂಡೆಯವರ ಪಟ್ಟಿಯಲ್ಲಿ ಅದೇ ಬಿಟ್ಟುಹೋಗಿದೆ. ನುಚ್ಚು ಬರುತ್ತದೆ, ಬೆಕ್ಕಿನ ಆಹಾರ ಬರುತ್ತದೆ, ಇಡುವುದು ಎಲ್ಲಿ? ಜುಲೈಯಲ್ಲಿ ಕರಾವಳಿಯ ಗಾಳಿಯೇ ಒದ್ದೆ. ನೆಲದ ಮೇಲಿಟ್ಟ ಚೀಲದ ತಳ ಮೊದಲು ಗಂಟು ಕಟ್ಟುತ್ತದೆ, ಆಮೇಲೆ ಹಸಿರು-ಕಪ್ಪು ಬೂಸು. ಕೆಟ್ಟ ಕಾಳನ್ನು ಬೇಯಿಸಿದರೆ ಸರಿಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬೂಸು ಸಾಯುತ್ತದೆ ನಿಜ, ಆದರೆ ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಅನ್ನುವ ವಿಷ ಒಲೆಯ ಬಿಸಿಗೆ ಹೋಗುವುದಿಲ್ಲ. ಮೇಲಿನ ಬೂಸು ಕೊಡವಿ ಉಳಿದದ್ದು ಹಾಕುವುದೂ ಸಲ್ಲದು.

ಎರಡನೆಯದು ಇಲಿ. ಬಾಯಿ ಕಟ್ಟಿದ ಚೀಲ ಇಲಿಗೆ ಲೆಕ್ಕವೇ ಅಲ್ಲ. ಅದು ಉಚ್ಚೆ ಹೊಯ್ದ ಆಹಾರದಿಂದಲೂ, ನೆಲದ ಕೊಚ್ಚೆನೀರಿನಿಂದಲೂ ನಾಯಿಗೆ ಇಲಿಜ್ವರ ಬರುತ್ತದೆ. ಬರಿಗಾಲಲ್ಲಿ ಗೂಡು ತೊಳೆಯುವ ಹುಡುಗರಿಗೂ ಬರುತ್ತದೆ. ಮೊದಲು ಜ್ವರ, ಊಟ ಬಿಡುವುದು, ಹಿಂಗಾಲು ಬಿಗಿದು ಏಳಲಾರದೆ ನರಳುವುದು. ಎರಡು ಮೂರು ದಿನ ಕಳೆದರೆ ವಸಡು, ಕಣ್ಣಿನ ಬಿಳಿ ಹಳದಿ. ಹಳದಿ ಎಂದಾಕ್ಷಣ ಇಲಿಜ್ವರ ಎನ್ನಲಿಕ್ಕೂ ಬರುವುದಿಲ್ಲ, ಬೂಸಿನ ವಿಷಕ್ಕೂ ಹಳದಿ, ಉಣ್ಣೆಯಿಂದ ಬರುವ ಬಬೇಸಿಯಾಕ್ಕೂ ಹಳದಿ. ರಕ್ತ ನೋಡಿಯೇ ಹೇಳಬೇಕು. ಒಂದೇ ದಿನ ಒಂದೇ ಪಾತ್ರೆಯಲ್ಲಿ ತಿಂದ ಹಲವು ನಾಯಿ ಮಲಗಿದರೆ ನಾನು ಮೊದಲು ಅಕ್ಕಿ ಚೀಲ ತೋರಿಸಿ ಅನ್ನುತ್ತೇನೆ.

ಹಾಗಾಗಿ 1,15,000 ಕೂಡಿಸುವ ಮೊದಲು ಇಲಿ ಕಡಿಯಲಾಗದ, ಗಾಳಿಯಾಡದ ಮುಚ್ಚಳದ ಡಬ್ಬಿಗಳನ್ನು ಕೂಡಿಸಿ.

ಕಾಳಿದಂಡೆ

ಡಾಕ್ಟ್ರೇ, ಈಗ ಚೀಲಗಳನ್ನು ಕಲ್ಲಿನ ಮೇಲೆ ಹಲಗೆ ಹಾಕಿ ಇಟ್ಟಿದ್ದೇವೆ. ಇಲಿಗೆ ಬೆಕ್ಕುಗಳಿವೆ ಎಂಬ ಧೈರ್ಯವಿತ್ತು. ಶೇಖರಣೆಯನ್ನು ಪಟ್ಟಿಯ ಮೇಲಕ್ಕೆ ತರುತ್ತೇನೆ. ಒಟ್ಟಿಗೆ ಎಷ್ಟು ದಿನದ ಆಹಾರ ಇಟ್ಟುಕೊಳ್ಳಬಹುದು?

ಪಶುವೈದ್ಯೆ, ಕುಮಟಾ

ಹತ್ತು ಹದಿನೈದು ದಿನದ್ದು. ನುಚ್ಚು ಇಡಿ ಅಕ್ಕಿಗಿಂತ ಬೇಗ ಕೆಡುತ್ತದೆ. ಬೆಕ್ಕಿನ ಒಣ ಆಹಾರ ತೆರೆದ ಮೇಲೆ ಎರಡು ವಾರದಲ್ಲಿ ಮುಗಿಯುವ ಚೀಲವನ್ನೇ ತರಿಸಿ. ಅದನ್ನು ಅದೇ ಚೀಲದ ಸಮೇತ ಡಬ್ಬಿಯೊಳಗೆ ಇಳಿಸಿ, ಚೀಲದ ಮೇಲಿನ ತಾರೀಕು ಕಳೆದುಹೋಗುವುದಿಲ್ಲ. ಕೊಡುವವರು ಒಂದೇ ಸಲ ಇಪ್ಪತ್ತು ಚೀಲ ಕಳಿಸಿದರೆ ಸೆಪ್ಟೆಂಬರ್ ಹೊತ್ತಿಗೆ ಅರ್ಧ ಎಸೆಯಬೇಕಾಗುತ್ತದೆ. ಅಂಗಡಿಯಲ್ಲಿ ದುಡ್ಡು ಕಟ್ಟಿ, ಬೇಕಾದಾಗ ಎತ್ತಿಕೊಳ್ಳುವ ಹಾಗೆ ಮಾಡಿ.

ತೋಟದಮನೆ, ಶಿರಸಿ

ಡ್ರಮ್ಮು ಬಿಟ್ಟೆ. ಜೋನಿ ಬೆಲ್ಲದ ತಗಡಿನ ಡಬ್ಬಗಳು ನಮ್ಮ ಅಟ್ಟದಲ್ಲಿ ಬೇಕಾದಷ್ಟಿವೆ. ಬೆಲ್ಲ ಬಿಟ್ಟು ಬೇರೆ ಏನೂ ಹಾಕಿದ್ದಲ್ಲ, ಮುಚ್ಚಳ ಬಿಗಿ ಇದೆ, ಇಲಿಯ ಹಲ್ಲು ತಗಡಿಗೆ ನಾಟುವುದಿಲ್ಲ. ಬಿಸಿನೀರಲ್ಲಿ ತೊಳೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಕಳಿಸುತ್ತೇನೆ. ನುಚ್ಚನ್ನು ಎರಡು ಕಂತಿನಲ್ಲಿ ಕೊಡುತ್ತೇನೆ. ದರಕಿನ ವಿಷಯ, ಸುಣ್ಣದ ವಿಷಯ ಹೇಳಲಿಲ್ಲ ನೀವು.

ಪಶುವೈದ್ಯೆ, ಕುಮಟಾ

ಜೋನಿ ಡಬ್ಬ ಬಹಳ ಒಳ್ಳೆಯದು. ಅಂಟು ಉಳಿದರೆ ಇರುವೆ ಹತ್ತುತ್ತದೆ, ಒಳಮೂಲೆ ಸರಿಯಾಗಿ ತೊಳೆಸಿ. ಕರಾವಳಿಯ ಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಬಳಿದರೆ ಎರಡು ಮಳೆಗಾಲ ಬಂದೀತು.

ದರಕು ಬೇಡ. ನಿಮ್ಮ ಕೊಟ್ಟಿಗೆಯಲ್ಲಿ ಅದು ಸಗಣಿ-ಗಂಜಳ ಹೀರಿ ಗೊಬ್ಬರವಾಗುತ್ತದೆ, ಅಲ್ಲಿಗೆ ಸರಿ. ನಾಯಿಯ ಗೂಡಿನಲ್ಲಿ ಒದ್ದೆಯಾಗಿ ಕೊಳೆಯುತ್ತದೆ, ಕಾಡಿನ ಉಣ್ಣೆಯನ್ನೂ ಜೊತೆಗೆ ತರುತ್ತದೆ.

ಸುಣ್ಣದಲ್ಲಿ ನಿಮ್ಮ ಮಾತು ಅರ್ಧ ಸರಿ. ಗೋಡೆಗೆ ಬಳಿದರೆ ಪಾಚಿ, ಬೂಸು ತಡೆಯುತ್ತದೆ. ಪಾರ್ವೊ ವೈರಸ್ಸನ್ನು ಅದರಿಂದ ಕೊಂದೆವು ಎಂದು ನೆಚ್ಚುವಂತಿಲ್ಲ, ಒದ್ದೆ ನೆಲಕ್ಕೆ ಹರಡಿದರೆ ಮರಿಗಳ ಪಾದ ಸುಡುತ್ತದೆ. ಫಿನಾಯಿಲಿಗೂ ಆ ವೈರಸ್ ಜಗ್ಗುವುದಿಲ್ಲ, ಬೆಕ್ಕಿಗೆ ಫಿನಾಯಿಲೇ ವಿಷ. ಅದಕ್ಕೆ ಬ್ಲೀಚಿಂಗ್ ಪೌಡರ್ ಬೇಕು, ಹತ್ತು ಲೀಟರ್ ಬಕೆಟ್ಟಿಗೆ 60 ಗ್ರಾಂ. ಮೊದಲು ಸೋಪಿನಲ್ಲಿ ಕೊಳೆ ಪೂರ್ತಿ ತೊಳೆದು, ನಿಂತ ನೀರು ಗುಡಿಸಿ, ಆಮೇಲೆ ಈ ನೀರು ಸುರಿದು ಹತ್ತು ನಿಮಿಷ ಬಿಡಬೇಕು. ಪ್ರಾಣಿಗಳನ್ನು ಹೊರಗಿಟ್ಟು ಮಾಡಿ, ಮತ್ತೆ ತೊಳೆದು ಒಳಗೆ ಬಿಡಿ. ಕೊಳೆಯ ಮೇಲೇ ಸುರಿದರೆ ಕೊಳೆಯೇ ಅದರ ಶಕ್ತಿ ತಿನ್ನುತ್ತದೆ. ಪೊಟ್ಟಣ ಒದ್ದೆ ಗಾಳಿಗೆ ತೆರೆದಿದ್ದರೆ ಒಂದೆರಡು ವಾರದಲ್ಲಿ ಘಾಟು ಹೋಗುತ್ತದೆ. ಘಾಟಿಲ್ಲದ ಬ್ಲೀಚಿಂಗ್ ಪೌಡರ್ ಬರೀ ಬಿಳಿ ಪುಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಅದನ್ನು ಯಾವತ್ತೂ ಬೆರೆಸಬೇಡಿ, ಉಸಿರು ಕಟ್ಟುವ ಗಾಳಿ ಏಳುತ್ತದೆ.

ಹೊನ್ನಾವರದ ಹುಡುಗಿ

ನಾನು ರಜೆಯಲ್ಲಿ ಇಂಥ ಒಂದು ಕಡೆ ಕೆಲಸ ಮಾಡಿದ್ದೆ. ಅಲ್ಲಿ ಗೋಣಿಚೀಲ ಹಾಸುತ್ತಿದ್ದರು. ಜುಲೈಯಲ್ಲಿ ಒಗೆದ ಗೋಣಿ ಒಣಗುವುದೇ ಇಲ್ಲ, ಹಸಿ ಗೋಣಿಯ ಮೇಲೆ ಮಲಗಿ ನಾಯಿಗಳ ಹೊಟ್ಟೆಯಡಿ ಕೂದಲು ಉದುರಿ ಕೆಂಪು ಗಾಯ ಆಗುತ್ತಿತ್ತು. ಮೊಣಕೈ ಹತ್ತಿರದ ಗಾಯಕ್ಕೆ ನೊಣ ಕೂತು ಎರಡೇ ದಿನದಲ್ಲಿ ಹುಳ. ಹಾಸಿಗೆಗಿಂತ ನೆಲದಿಂದ ಎತ್ತರ ಮುಖ್ಯ ಅನ್ನಿಸಿತ್ತು ನನಗೆ. ಬಟ್ಟೆ ಕಳಿಸಿ ಅಂತ ಕೇಳಬೇಡಿ ಅಕ್ಕ, ಜನ ಸೀರೆ, ಪ್ಯಾಂಟು ಎಲ್ಲ ತಂದು ಸುರಿಯುತ್ತಾರೆ.

ತೋಟದಮನೆ, ಶಿರಸಿ

ಎತ್ತರ ಬೇಕೆಂದರೆ ಅಡಿಕೆ ದಬ್ಬೆ ಇದೆಯಲ್ಲ ತಂಗಿ! ಗಾಳಿಗೆ ಬಿದ್ದ ಮರಗಳನ್ನು ಸೀಳಿ ಇಟ್ಟಿದ್ದೇನೆ. ಒಂದು ಬೆರಳು ಸಂದಿ ಬಿಟ್ಟು ಬಡಿದರೆ ನೀರು ಕೆಳಗೆ ಇಳಿಯುತ್ತದೆ, ಮೇಲೆ ಮೈ ಒಣಗಿರುತ್ತದೆ. ಸಿಬಿರು ಚುಚ್ಚದ ಹಾಗೆ ಹೆರೆಸಿ ಕೊಡುತ್ತೇನೆ.

ಹೊನ್ನಾವರದ ಹುಡುಗಿ

ಸಂದಿ ಬೆರಳಿಗಿಂತ ಕಡಿಮೆ ಇರಲಿ, ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಮತ್ತೆ ದಬ್ಬೆಗೆ ಬ್ಲೀಚಿಂಗ್ ನೀರು ಹಿಡಿಯುತ್ತದೆಯೇ? ಮರ ಹೀರಿಕೊಂಡರೆ ಪಾರ್ವೊ ಅಲ್ಲೇ ಉಳಿಯುವುದಿಲ್ಲವೇ?

ಪಶುವೈದ್ಯೆ, ಕುಮಟಾ

ಸರಿಯಾದ ಪ್ರಶ್ನೆ. ಮರದ ಸಂದಿಯಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯಬಹುದು. ದೊಡ್ಡ ನಾಯಿಗಳಿಗೆ ದಬ್ಬೆ ಆಗಬಹುದು. ಮರಿಗಳ ಕೋಣೆಗೆ ತೊಳೆಯಲು ಬರುವ ಪ್ಲಾಸ್ಟಿಕ್ ಕ್ರೇಟು ಬೋರಲು ಹಾಕಿ. ಮೀನಿನ ಕ್ರೇಟು ಮಳೆಗಾಲದಲ್ಲಿ ಬಂದರಿನಲ್ಲಿ ಸುಮ್ಮನೆ ಬಿದ್ದಿರುತ್ತವೆ.

ಬೈತಖೋಲದವ

ಬಿದ್ದಿರೂದಿಲ್ಲ ಡಾಕ್ಟ್ರೇ, ಎಲ್ಲ ಎಣಿಸಿ ಇಟ್ಟದ್ದು. ಒಡೆದದ್ದು ಒಂದು ಹತ್ತು ಉಂಟು, ಅಡಿ ಗಟ್ಟಿ ಉಂಟು. ಅದನ್ನ ಕೊಡ್ತೆ.

ಭಟ್ಕಳ-ದುಬೈ

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ನಾನು ದುಬೈಯಲ್ಲಿದ್ದೇನೆ. ನಾನು, ಇಲ್ಲಿನ ಒಬ್ಬ ಗೆಳೆಯ ಸೇರಿ 20,000 ಕಳಿಸಬೇಕೆಂದಿದ್ದೇವೆ. ಹೊರದೇಶದ ದುಡ್ಡು ತೆಗೆದುಕೊಂಡರೆ ನಿಮಗೆ ತೊಂದರೆ ಆಗುತ್ತದೆ ಅಂತ ಯಾರೋ ಹೇಳಿದರು. ಹೌದಾ?

ಕಾಳಿದಂಡೆ

ವಾಲೈಕುಂ ಅಸ್ಸಲಾಂ ತಮ್ಮಾ. ನಮ್ಮ ಟ್ರಸ್ಟಿಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲ, ಹಾಗಾಗಿ ವಿದೇಶಿ ಪ್ರಜೆಗಳ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು, ನಿಮ್ಮ ಸ್ವಂತ ದುಡಿಮೆಯನ್ನು ಇಲ್ಲಿನ ನಿಮ್ಮ ಬ್ಯಾಂಕ್ ಖಾತೆಯಿಂದ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಗೆಳೆಯರ ಪಾಸ್‌ಪೋರ್ಟ್ ಯಾವ ದೇಶದ್ದು?

ಭಟ್ಕಳ-ದುಬೈ

ಅವನದು ಬ್ರಿಟಿಷ್ ಪಾಸ್‌ಪೋರ್ಟ್, ಒಸಿಐ ಕಾರ್ಡ್ ಇದೆ. ನನ್ನ ಖಾತೆಗೇ ಅವನ ಪಾಲು ಹಾಕಿ ಒಟ್ಟಿಗೆ ಕಳಿಸಿದರೆ?

ಕಾಳಿದಂಡೆ

ಒಸಿಐ ಇದ್ದರೂ ಅವರು ವಿದೇಶಿ ಪ್ರಜೆಯೇ. ನಿಮ್ಮ ಖಾತೆಯ ಮೂಲಕ ಬಂದರೂ ಅದು ಅವರದೇ ದುಡ್ಡು. ದಯವಿಟ್ಟು ಬೇಡ. ಅವರ ಮನಸ್ಸಿಗೆ ನಮ್ಮ ನಮಸ್ಕಾರ ತಿಳಿಸಿ. ನಿಮ್ಮ ಪಾಲು ಮಾತ್ರ ಕಳಿಸಿ.

ತೆರಿಗೆ ವಿನಾಯಿತಿಯ 80ಜಿ ರಸೀದಿ ಕೇಳಿ ಬಹಳ ಮೆಸೇಜ್ ಬಂದಿವೆ. ನಮ್ಮಲ್ಲಿ 80ಜಿ ಇದೆ. ಆದರೆ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಸಿಗುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೂ, ಅಕ್ಕಿ-ಎಣ್ಣೆಯಂಥ ವಸ್ತುಗಳಿಗೂ ಇಲ್ಲ. ರಸೀದಿ ಬೇಕಾದವರು ಖಾತೆಗೇ ಹಾಕಿ, ಪಾನ್ ನಂಬರನ್ನು ಇಲ್ಲಿ ಬಹಿರಂಗವಾಗಿ ಬರೆಯದೆ ಖಾಸಗಿಯಾಗಿ ಕಳಿಸಿ.

ಸಿದ್ದಾಪುರದಿಂದ ಒಬ್ಬ

ರೇಷನ್ ಅಕ್ಕಿ ನಮ್ಮೂರಲ್ಲಿ ಕಿಲೋಗೆ ಹದಿನೈದಿಪ್ಪತ್ತಕ್ಕೆ ಸಿಗುತ್ತದೆ. ಅದನ್ನೇ ಕೊಂಡು ಕೊಟ್ಟರೆ ದುಡ್ಡು ಅರ್ಧ ಉಳಿಯುತ್ತದೆ, ನೋಡಿ.

ಕಾಳಿದಂಡೆ

ಬೇಡ ಅಣ್ಣ. ಪಡಿತರ ಅಕ್ಕಿ ಮಾರುವುದು, ಕೊಳ್ಳುವುದು ಅಪರಾಧ. ಆಶ್ರಯದಲ್ಲಿ ಆ ಅಕ್ಕಿ ಸಿಕ್ಕಿದರೆ ಕೇಸು ನಮ್ಮ ಮೇಲೆ ಬೀಳುತ್ತದೆ, ಪ್ರಾಣಿಗಳು ನಡುನೀರಿನಲ್ಲಿ ಉಳಿಯುತ್ತವೆ.

ಕೋಡಿಬಾಗದಿಂದ

ಡಾಕ್ಟರ್ ಅಮ್ಮಾ, ಬೆಕ್ಕನ್ನು ಕರೆದುಕೊಂಡು ಹೋದೆವು. ವಸಡು ಕಂದಾಗಿತ್ತು. ಆ ಹುಡುಗನೇ ಔಷಧಿ ಅಂಗಡಿಗೆ ಓಡಿ ನೀವು ಹೇಳಿದ ಮದ್ದು ತಂದುಕೊಟ್ಟ. ಇಂಜೆಕ್ಷನ್ ನಡೆಯುತ್ತಿದೆ, ಎರಡು ದಿನ ಕಳೆಯದೆ ಏನೂ ಹೇಳಲಾಗದು ಅಂದಿದ್ದಾರೆ. ಮಾತ್ರೆಯ ಡಬ್ಬಿ ಯಾರಿಗೂ ಕೊಡುವುದಿಲ್ಲ. ಅದರ ಬದಲು ರಿಂಗರ್ ಲ್ಯಾಕ್ಟೇಟ್ ಒಂದು ಪೆಟ್ಟಿಗೆ ಕಳಿಸುತ್ತೇನೆ.

ಪಶುವೈದ್ಯೆ, ಕುಮಟಾ

ಹೊತ್ತಿಗೆ ಸರಿಯಾಗಿ ಹೋದಿರಿ. ಉಸಿರು ಹೇಗಿದೆ, ಮೂತ್ರ ಕಾಫಿ ಬಣ್ಣ ಇದೆಯೇ ನೋಡುತ್ತಿರಿ, ವೈದ್ಯರಿಗೆ ತಿಳಿಸುತ್ತಿರಿ.

ಅಂಕೋಲೆಯ ಓದುಗ

ಪೆಟ್ಟಿಗೆ ಕಳಿಸುವವರು ಇದ್ದಾರೆ ಅಂದಮೇಲೆ ನಾನು ಲಸಿಕೆಗೆ ಕಟ್ತೇನೆ. ರೇಬೀಸ್ ಲಸಿಕೆಗೇ. ಆಶ್ರಯದ ಹೊರಗೆ, ಆ ರಸ್ತೆಯ ನಾಯಿಗಳಿಗೆ ಹಾಕಿಸುವುದಾದರೆ ಇನ್ನೂ ಕೊಡ್ತೇನೆ.

ಕಾಳಿದಂಡೆ

ಖಂಡಿತ ಅಣ್ಣ. ಲಸಿಕೆಯನ್ನು ಕೊಂಡು ನಮಗೆ ಕಳಿಸಬೇಡಿ. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ನಮ್ಮಲ್ಲಿ ಮಳೆಗೆ ಕರೆಂಟ್ ಹೋದರೆ ಇಡೀ ರಾತ್ರಿ ಬರುವುದಿಲ್ಲ. ಹಾಕುವ ವೈದ್ಯರ ಕ್ಲಿನಿಕ್ಕಿಗೆ ಕಟ್ಟಿ, ಹಾಕುವ ದಿನ ಐಸ್ ಪೆಟ್ಟಿಗೆಯಲ್ಲಿ ತರುತ್ತಾರೆ. ರಸ್ತೆಯ ನಾಯಿಗಳನ್ನು ಹಿಡಿಯಲು ಜನ ಬೇಕು. ಅದು ಈ ಮಳೆಯಲ್ಲಿ ಆಗುತ್ತದೋ, ಅಕ್ಟೋಬರ್‌ಗೆ ಹೋಗುತ್ತದೋ ವೈದ್ಯರ ಜೊತೆ ಮಾತಾಡಿ ಹೇಳುತ್ತೇನೆ.

ಎಲ್ಲರ ಮಾತು ಕೇಳಿ ಬೇಡಿಕೆ ತಿದ್ದಿದ್ದೇನೆ. ಶೆಟ್ಲಿ ಬರುವುದರಿಂದ ಜೂನ್, ಜುಲೈ ಕೋಳಿ ಸ್ವಲ್ಪ ಕಡಿಮೆ ಸಾಕು, ಎಷ್ಟು ಎಂದು ಚೀಲ ತೂಗಿದ ಮೇಲೆ ಬರೆಯುತ್ತೇನೆ. ಆ ದುಡ್ಡಿನಲ್ಲಿ ಹುಡುಗರಿಗೆ ಗಮ್‌ಬೂಟು, ಕೈಗವಸು ಕೊಳ್ಳುತ್ತೇವೆ. ಬ್ಲೀಚಿಂಗ್ ಪೌಡರ್ ಸಣ್ಣ ಪೊಟ್ಟಣಗಳಲ್ಲಿ ಕೊಡಿ, ದೊಡ್ಡ ಚೀಲ ಬೇಡ. ಬಟ್ಟೆ, ಹಳೆ ಮಾತ್ರೆ, ಉಪ್ಪುಮೀನು ಬೇಡ.

ಭಾವ, ನಿಮ್ಮ ಡಬ್ಬ, ದಬ್ಬೆ ಯಾವತ್ತು ಇಳಿಯುತ್ತವೆ? ದೇವಿಮನೆ ಘಟ್ಟದಲ್ಲಿ ರಸ್ತೆ ಹೇಗಿದೆಯೋ ವಿಚಾರಿಸಿಕೊಂಡೇ ಗಾಡಿ ಬಿಡಿ.

ತೋಟದಮನೆ, ಶಿರಸಿ

ಘಟ್ಟ ನೋಡಿಕೊಂಡು ಶನಿವಾರ ಬಿಡುತ್ತೇನೆ. ದಬ್ಬೆಯ ಮೇಲೆ ಡಬ್ಬ, ಡಬ್ಬದೊಳಗೇ ನುಚ್ಚು ತುಂಬಿಸಿ ಕಳಿಸುತ್ತೇನೆ, ದಾರಿಯಲ್ಲಿ ನೆನೆಯುವುದಿಲ್ಲ. ಕುಮಟೆಯಲ್ಲಿ ಡಾಕ್ಟ್ರ ಮನೆ ಹತ್ತಿರ ನಿಲ್ಲಿಸುತ್ತೇನೆ, ಅವರು ಒಮ್ಮೆ ಮುಚ್ಚಳ ತೆಗೆದು ನೋಡಲಿ.

ಪಶುವೈದ್ಯೆ, ಕುಮಟಾ

ನಿಲ್ಲಿಸಿ ಭಾವ, ನೋಡಿಯೇ ಕಳಿಸುತ್ತೇನೆ. ಅದೇ ಗಾಡಿಯಲ್ಲಿ ನಾನೂ ಕಾರವಾರಕ್ಕೆ ಬಂದು ಮರಿಗಳ ಕೋಣೆ ನೋಡುತ್ತೇನೆ.